ಟಿಕೆಟ್ಟಿಗಷ್ಟೇ ವಿನಾಯಿತಿ, ಹೋಟೆಲಿಗಿಲ್ಲ

ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಕಚೇರಿಗಳ ಅಕೌಂಟ್ಸ್ ವಿಭಾಗದಿಂದ ಪ್ರಯಾಣದ ದಾಖಲೆ ಕೊಡಿ ಎಂಬ ಸೂಚನೆ ಬರುತ್ತದೆ. ಪ್ರವಾಸಕ್ಕೆ ಎಂಬತ್ತು ಸಾವಿರ ಸುರಿದವರು ಇಷ್ಟೂ ಹಣಕ್ಕೆ ತೆರಿಗೆ ಇಲ್ಲ ಎಂದು ನಂಬಿ ಹೋಟೆಲ್ ಬಿಲ್ಲುಗಳನ್ನೂ ಸೇರಿಸಿ ಕೊಡುತ್ತಾರೆ. ಅರ್ಧಕ್ಕರ್ಧ ಕಾಗದ ವಾಪಸು ಬರುತ್ತದೆ.

ಪ್ರಯಾಣದ ಹೆಸರಿನಲ್ಲಿ ಸಂಬಳದ ಜೊತೆ ಬರುವ ಹಣದಲ್ಲಿ ಎರಡು ಬಗೆ. ಕಚೇರಿ ಕೆಲಸಕ್ಕೆ ಹೋಗಿಬರಲು ಕೊಡುವುದು ಟಿಎ. ಇದರಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆಯಿಲ್ಲ. ಬೆಂಗಳೂರಿನಿಂದ ಕಲಬುರಗಿಗೆ ಕೆಲಸದ ಮೇಲೆ ಹೋದ ಎಂಜಿನಿಯರ್‌ಗೆ ಕಂಪನಿ 10,000 ರೂಪಾಯಿ ಕೊಟ್ಟಿದ್ದು, ರೈಲು, ಲಾಡ್ಜ್, ಊಟ ಎಲ್ಲ ಸೇರಿ 7,400 ಆಗಿದ್ದರೆ, ಅವರು ಜೇಬಿನಲ್ಲೇ ಉಳಿಸಿಕೊಂಡ 2,600 ರೂಪಾಯಿ ಸಂಬಳಕ್ಕೆ ಸೇರುತ್ತದೆ. ಮನೆಯಿಂದ ಕಚೇರಿಗೆ ದಿನವೂ ಓಡಾಡುವ ಖರ್ಚು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಹಿಂದೆ ತಿಂಗಳಿಗೆ 1,600 ರೂಪಾಯಿವರೆಗೆ ವಿನಾಯಿತಿ ಇತ್ತು. 2018ರ ಏಪ್ರಿಲ್‌ನಿಂದ ಅದು ಹೋಗಿ, ಬದಲಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು.

ಎರಡನೆಯದು ರಜೆಯ ಪ್ರಯಾಣ ಭತ್ಯೆ, ಎಲ್ಲರ ಬಾಯಲ್ಲಿ ಎಲ್‌ಟಿಎ. ಗೊಂದಲವೆಲ್ಲ ಇರುವುದು ಇಲ್ಲೇ.

ಬೆಂಗಳೂರಿನ ನೌಕರರೊಬ್ಬರಿಗೆ ವರ್ಷಕ್ಕೆ 60,000 ರೂಪಾಯಿ ಎಲ್‌ಟಿಎ ಬರುತ್ತದೆ ಎಂದಿಟ್ಟುಕೊಳ್ಳೋಣ. ರಜೆ ಹಾಕಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಮಾವನವರೊಂದಿಗೆ ದೆಹಲಿಗೆ ಹೋದರು. ವಿಮಾನದ ಎಕಾನಮಿ ಟಿಕೆಟ್ ಹೋಗಿಬರಲು ತಲೆಗೆ 11,000, ಐದು ಜನಕ್ಕೆ 55,000. ಹೋಟೆಲ್ ಮತ್ತು ಊಟಕ್ಕೆ 38,000, ಊರು ಸುತ್ತಲು ಟ್ಯಾಕ್ಸಿಗೆ 12,000. ಒಟ್ಟು ಖರ್ಚು 1,05,000. ಭತ್ಯೆಯಾಗಿ ಬಂದದ್ದಕ್ಕಿಂತ ಖರ್ಚೇ ಹೆಚ್ಚಾಗಿರುವುದರಿಂದ 60,000 ಪೂರ್ತಿ ತೆರಿಗೆಮುಕ್ತ ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕಾನೂನು ನೋಡುವುದು ಊರಿಂದೂರಿಗೆ ಹೋದ ಟಿಕೆಟ್ ದರವನ್ನು ಮಾತ್ರ. ಹೋಟೆಲ್, ಊಟ, ಊರೊಳಗಿನ ಟ್ಯಾಕ್ಸಿ ಮೂರೂ ಹೊರಗೆ. ಮಾವನ ಟಿಕೆಟ್ಟೂ ಹೊರಗೆ. ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಮತ್ತು ನೌಕರರ ಆಸರೆಯಲ್ಲಿರುವ ಅವರದೇ ತಂದೆತಾಯಿ, ಒಡಹುಟ್ಟಿದವರು. ಅತ್ತೆಮಾವಂದಿರು ಮನೆಯಲ್ಲೇ ಇದ್ದರೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಿನಾಯಿತಿ ಸಿಗುವುದು ನಾಲ್ಕು ಟಿಕೆಟ್ಟಿಗೆ, 44,000 ರೂಪಾಯಿಗೆ. ಉಳಿದ 16,000 ತೆರಿಗೆಗೆ ಒಳಪಡುವ ಸಂಬಳಕ್ಕೆ ಸೇರುತ್ತದೆ. ಅವರು ಶೇ 20ರ ಹಂತದಲ್ಲಿದ್ದರೆ ಸೆಸ್ ಸೇರಿ ಅದರ ಮೇಲೆ 3,328 ರೂಪಾಯಿ ತೆರಿಗೆ.

ದರಕ್ಕೂ ಮಿತಿಯಿದೆ. ಬಿಸಿನೆಸ್ ಕ್ಲಾಸಿನಲ್ಲಿ ಕೂತು ಹೋದರೂ ಲೆಕ್ಕ ಎಕಾನಮಿ ದರಕ್ಕೇ. ರೈಲಿಗೆ ಫಸ್ಟ್ ಎಸಿ ದರವೇ ಗರಿಷ್ಠ, ರೈಲಿರುವ ಊರಿಗೆ ಬಾಡಿಗೆ ಕಾರಿನಲ್ಲಿ ಹೋದರೂ ಅದೇ ಮಿತಿ. ದಾರಿಯನ್ನು ಅಳೆಯುವುದು ಅತಿ ಹತ್ತಿರದ ಮಾರ್ಗದಿಂದ. ಗೋವಾ, ಮುಂಬೈ, ಜೈಪುರ ಎಲ್ಲ ಸುತ್ತಿ ದೆಹಲಿ ಮುಟ್ಟಿದವರಿಗೂ ಸಿಗುವುದು ಬೆಂಗಳೂರು–ದೆಹಲಿ ನೇರ ದಾರಿಯ ದರದವರೆಗೆ ಮಾತ್ರ.

ಈ ಸುತ್ತುದಾರಿಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಕೆಲವು ನೌಕರರು ಭಾರತದ ಊರನ್ನೇ ಗುರಿ ಎಂದು ತೋರಿಸಿ, ನಡುವೆ ವಿದೇಶಕ್ಕೂ ಹೋಗಿಬಂದಿದ್ದರು. ಒಬ್ಬರ ದಾರಿಯಂತೂ ದೆಹಲಿಯಿಂದ ಮದುರೈ, ಕೊಲಂಬೊ, ಕ್ವಾಲಾಲಂಪುರ, ಸಿಂಗಪುರ, ಮತ್ತೆ ಕೊಲಂಬೊ, ಕೊನೆಗೆ ದೆಹಲಿ! ಮದುರೈಗೆ ಹೋಗುವವರು ಸಿಂಗಪುರ ಯಾಕೆ ನೋಡಬೇಕು ಎಂದು ತೆರಿಗೆ ಅಧಿಕಾರಿಗಳಿಗೆ ಅನ್ನಿಸಿದ್ದು ಸಹಜವೇ. ಈ ಸೌಲಭ್ಯ ಭಾರತದೊಳಗಿನ ಪ್ರಯಾಣಕ್ಕೆ ಮಾತ್ರ, ಬ್ಯಾಂಕು ಟಿಡಿಎಸ್ ಕಡಿಯಬೇಕಿತ್ತು ಎಂದು ನ್ಯಾಯಾಲಯ 2022ರ ನವೆಂಬರ್ 4ರಂದು ತೀರ್ಪು ಕೊಟ್ಟಿತು. ಅಂದಿನಿಂದ ಕಂಪನಿಗಳು ಕಣ್ಣುಮುಚ್ಚಿ ಬಿಲ್ ಪಾಸು ಮಾಡುವುದು ಅಪಾಯದ ಕೆಲಸ.

ಇದೆಲ್ಲ ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರ ಕಥೆ. 2023–24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಎಲ್‌ಟಿಎ ವಿನಾಯಿತಿಯೇ ಇಲ್ಲ, ಮೇಲಿನ ನೌಕರರ 60,000 ರೂಪಾಯಿಯೂ ಸಂಬಳಕ್ಕೆ ಸೇರುತ್ತದೆ. ಕಚೇರಿ ಕೆಲಸದ ಟಿಎಗೆ ಮಾತ್ರ ಹೊಸ ಪದ್ಧತಿಯಲ್ಲೂ ವಿನಾಯಿತಿ ಉಳಿದಿದೆ. ಪದ್ಧತಿ ಯಾವುದೆಂದು ನೋಡದೆ ಟಿಕೆಟ್ ಜೋಡಿಸಿ ಕೂತವರ ಶ್ರಮ ವ್ಯರ್ಥ.

ಹಳೆ ಪದ್ಧತಿಯಲ್ಲೂ ಪ್ರತಿವರ್ಷ ಈ ವಿನಾಯಿತಿ ಸಿಗುವುದಿಲ್ಲ. ನಾಲ್ಕು ಕ್ಯಾಲೆಂಡರ್ ವರ್ಷಗಳ ಒಂದು ಗುಂಪಿನಲ್ಲಿ ಎರಡು ಪ್ರಯಾಣಕ್ಕೆ ಮಾತ್ರ. 2022ರಿಂದ 2025 ಒಂದು ಗುಂಪು, 2026ರಿಂದ 2029 ಮುಂದಿನದು. ಹಿಂದಿನ ಗುಂಪಿನಲ್ಲಿ ಬಳಸದೆ ಬಿಟ್ಟ ಒಂದು ಪ್ರಯಾಣವನ್ನು ಮುಂದಿನ ಗುಂಪಿನ ಮೊದಲ ವರ್ಷದಲ್ಲಿ, ಅಂದರೆ 2026ರ ಡಿಸೆಂಬರ್ ಮುಗಿಯುವುದರೊಳಗೆ ಮಾಡಿದರೆ ಅದಕ್ಕೂ ವಿನಾಯಿತಿ ಸಿಗುತ್ತದೆ. ಹೊಸ ಗುಂಪಿನ ಎರಡು ಪ್ರಯಾಣಗಳು ಅದರ ಹೊರತಾಗಿ ಹಾಗೆಯೇ ಇರುತ್ತವೆ.