ಅರ್ಧ ಡಿಕ್ಕಿಯ ಬೆಲೆ

1970ರ ಹೊತ್ತಿಗೆ ಹವಾಯಿ ವಿಶ್ವವಿದ್ಯಾಲಯದ ಮುಖ್ಯ ಕಂಪ್ಯೂಟರ್ ಒವಾಹು ದ್ವೀಪದಲ್ಲಿತ್ತು. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಬೇರೆ ದ್ವೀಪಗಳಲ್ಲೂ ಇದ್ದವು, ನಡುವೆ ಸಮುದ್ರ. ಟೆಲಿಫೋನ್ ಲೈನ್‌ಗಳನ್ನು ನೆಚ್ಚಿಕೊಳ್ಳುವ ಬದಲು ರೇಡಿಯೋ ಮೂಲಕವೇ ಟರ್ಮಿನಲ್‌ಗಳನ್ನು ಕಂಪ್ಯೂಟರಿಗೆ ಜೋಡಿಸೋಣ ಎಂದು ಪ್ರೊಫೆಸರ್ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಹೊರಟರು. 1971ರಲ್ಲಿ ಕೆಲಸ ಶುರುಮಾಡಿದ ಈ ಜಾಲದ ಹೆಸರು ಅಲೋಹಾನೆಟ್.

ಜಾಲಕ್ಕೆ ಎರಡು ರೇಡಿಯೋ ಚಾನೆಲ್‌ಗಳಿದ್ದವು. ಕೇಂದ್ರದಿಂದ ಟರ್ಮಿನಲ್‌ಗಳಿಗೆ ಹೋಗುವ ಚಾನೆಲ್‌ನಲ್ಲಿ ಮಾತಾಡುವುದು ಕೇಂದ್ರ ಒಂದೇ, ಹಾಗಾಗಿ ಅಲ್ಲಿ ಜಗಳವಿಲ್ಲ. ತೊಡಕಿದ್ದದ್ದು ಟರ್ಮಿನಲ್‌ಗಳಿಂದ ಕೇಂದ್ರಕ್ಕೆ ಬರುವ ಚಾನೆಲ್‌ನಲ್ಲಿ. ಅದೂ ಒಂದೇ, ಅದರಲ್ಲಿ ಮಾತಾಡಬೇಕಾದವರು ಹಲವರು. ಎಲ್ಲರಿಗೂ ಸಮಪಾಲು ಹಂಚಿಬಿಡಬಹುದಿತ್ತು. ಆದರೆ ಟರ್ಮಿನಲ್ ಮುಂದೆ ಕೂತವನು ಒಂದು ಸಾಲು ಟೈಪ್ ಮಾಡುತ್ತಾನೆ, ಆಮೇಲೆ ಯೋಚಿಸುತ್ತಾ ಕೂರುತ್ತಾನೆ. ಅವನ ಪಾಲು ಬಹುಪಾಲು ಹೊತ್ತು ಖಾಲಿಯೇ ಬಿದ್ದಿರುತ್ತದೆ. ಅದಕ್ಕೇ ಅಬ್ರಾಮ್ಸನ್ ತಂಡ ಹಂಚಿಕೆಯನ್ನೇ ಕೈಬಿಟ್ಟಿತು. ಕಳಿಸಲು ಏನಾದರೂ ಇದ್ದರೆ ಯಾರನ್ನೂ ಕೇಳದೆ ಆ ಕ್ಷಣವೇ ಕಳಿಸಿ ಎಂಬುದು ನಿಯಮವಾಯಿತು. ಸರಿಯಾಗಿ ತಲುಪಿದರೆ ಕೇಂದ್ರ ಇನ್ನೊಂದು ಚಾನೆಲ್‌ನಲ್ಲಿ 'ಸಿಕ್ಕಿತು' ಎಂದು ಉತ್ತರಿಸುತ್ತದೆ. ಉತ್ತರ ಬಾರದಿದ್ದರೆ ಇನ್ನೊಬ್ಬರ ಮಾತಿನೊಂದಿಗೆ ಡಿಕ್ಕಿಯಾಗಿ ಎರಡೂ ಕೆಟ್ಟಿವೆ ಎಂದು ತಿಳಿದು, ಸ್ವಲ್ಪ ಕಾದು ಮತ್ತೆ ಕಳಿಸಬೇಕು. ಎಷ್ಟು ಕಾಯಬೇಕೆಂಬುದನ್ನು ಪ್ರತಿ ಟರ್ಮಿನಲ್ ಪ್ರತಿ ಸಲವೂ ಮನಬಂದಂತೆ ಆರಿಸಿಕೊಳ್ಳುತ್ತದೆ. ಇಬ್ಬರೂ ಒಂದೇ ಅವಧಿ ಕಾದರೆ ಮತ್ತೆ ಡಿಕ್ಕಿ ಖಚಿತವಲ್ಲವೇ?

ಇದು ಶುದ್ಧ ಅಲೋಹಾ. ಇಷ್ಟು ಸಡಿಲವಾದ ಏರ್ಪಾಡಿನಲ್ಲಿ ಚಾನೆಲ್ ಎಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ನಿಖರವಾಗಿ ಲೆಕ್ಕ ಹಾಕಬಹುದು ಎನ್ನುವುದೇ ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ.

ಅಲೋಹಾನೆಟ್‌ನ ಒಂದು ಪೂರ್ಣ ಪ್ಯಾಕೆಟ್ ಎಂದರೆ 704 ಬಿಟ್. ಚಾನೆಲ್‌ನ ವೇಗ ಸೆಕೆಂಡಿಗೆ 9600 ಬಿಟ್. ಭಾಗಿಸಿದರೆ ಒಂದು ಪ್ಯಾಕೆಟ್ ಗಾಳಿಯಲ್ಲಿರುವ ಕಾಲ ಸುಮಾರು 73 ಮಿಲಿಸೆಕೆಂಡ್. ನನ್ನ ಪ್ಯಾಕೆಟ್ 1000ನೇ ಮಿಲಿಸೆಕೆಂಡಿನಲ್ಲಿ ಹೊರಟು 1073ಕ್ಕೆ ಮುಗಿಯಿತು ಎಂದುಕೊಳ್ಳಿ. ಯಾರ ಪ್ಯಾಕೆಟ್ ಇದಕ್ಕೆ ಬಡಿಯಬಹುದು? 1000ದಿಂದ 1073ರ ನಡುವೆ ಹೊರಟದ್ದು ಬಡಿಯುತ್ತದೆ, ಅದು ಸರಿಯೇ. ಆದರೆ 930ರಲ್ಲಿ ಹೊರಟದ್ದೂ ಬಡಿಯುತ್ತದೆ. ಅದು 1003ರವರೆಗೆ ಗಾಳಿಯಲ್ಲಿರುತ್ತದೆ, ಅದರ ಬಾಲ ನನ್ನ ಪ್ಯಾಕೆಟ್‌ನ ತಲೆಗೆ ತಾಗುತ್ತದೆ. ಮೂರೇ ಮಿಲಿಸೆಕೆಂಡ್ ತಾಗಿದರೂ ಎರಡೂ ಪ್ಯಾಕೆಟ್ ಹಾಳು. ಅಂದರೆ 927ರಿಂದ 1073ರವರೆಗೆ, ಒಟ್ಟು 146 ಮಿಲಿಸೆಕೆಂಡಿನಲ್ಲಿ ಬೇರೆ ಯಾರೂ ಮಾತು ಶುರುಮಾಡಬಾರದು. 73 ಮಿಲಿಸೆಕೆಂಡಿನ ಮಾತಿಗೆ ಅದರ ಎರಡರಷ್ಟು ಮೌನ ಬೇಕು.

ಇನ್ನು ಆ ಮೌನ ಸಿಗುವ ಸಂಭವ ಎಷ್ಟೆಂದು ನೋಡೋಣ. ಒಂದು ಪ್ಯಾಕೆಟ್ ಅವಧಿಯಲ್ಲಿ ಎಲ್ಲರೂ ಸೇರಿ ಸರಾಸರಿ ಎಷ್ಟು ಸಲ ಕಳಿಸಲು ಯತ್ನಿಸುತ್ತಾರೋ ಅದನ್ನು G ಎನ್ನೋಣ. ಹೊಸ ಪ್ಯಾಕೆಟ್‌ಗಳು, ಡಿಕ್ಕಿಯಾಗಿ ಮತ್ತೆ ಕಳಿಸಿದವು, ಎರಡೂ ಇದರಲ್ಲಿ ಸೇರಿವೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬಹಳ ಜನ ಕಳಿಸುತ್ತಿರುವಾಗ, ಸರಾಸರಿ x ಯತ್ನ ನಡೆಯುವಂಥ ಅವಧಿಯಲ್ಲಿ ಒಂದೂ ನಡೆಯದಿರುವ ಸಂಭವ e^(−x). ಇಲ್ಲಿ e ಎಂದರೆ 2.718. ಈ ಸೂತ್ರ ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ಪುಟ್ಟ ಪರೀಕ್ಷೆ ಇದೆ. ಹತ್ತು ಜನರಲ್ಲಿ ಪ್ರತಿಯೊಬ್ಬರೂ ಕಳಿಸುವ ಸಂಭವ ಹತ್ತರಲ್ಲಿ ಒಂದಾದರೆ ಸರಾಸರಿ ಯತ್ನ ಒಂದು. ಎಲ್ಲರೂ ಸುಮ್ಮನಿರುವ ಸಂಭವ 0.9ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 0.349. ನೂರು ಜನ, ತಲಾ ನೂರರಲ್ಲಿ ಒಂದು ಎಂದಾದರೆ 0.366. ಸಾವಿರ ಜನರಿಗೆ 0.3677. ಜನ ಹೆಚ್ಚಿದಂತೆ ಅದು 1/e, ಅಂದರೆ 0.3679ರ ಹತ್ತಿರ ಹೋಗಿ ನಿಲ್ಲುತ್ತದೆ.

ಶುದ್ಧ ಅಲೋಹಾದಲ್ಲಿ ಮೌನ ಬೇಕಾದದ್ದು ಎರಡು ಪ್ಯಾಕೆಟ್ ಅವಧಿಗೆ. ಅಷ್ಟು ಹೊತ್ತಿನಲ್ಲಿ ಸರಾಸರಿ ಯತ್ನ 2G. ಹಾಗಾಗಿ ಒಂದು ಯತ್ನ ಗೆಲ್ಲುವ ಸಂಭವ e^(−2G). ಒಂದು ಪ್ಯಾಕೆಟ್ ಅವಧಿಯಲ್ಲಿ ಕೆಡದೆ ತಲುಪುವ ಸರಾಸರಿ ಪ್ಯಾಕೆಟ್‌ಗಳು S ಆದರೆ:

S = G × e^(−2G)

ಯತ್ನ ತೀರಾ ಕಡಿಮೆಯಾದರೆ ಚಾನೆಲ್ ಖಾಲಿ, ತೀರಾ ಹೆಚ್ಚಾದರೆ ಬರೀ ಡಿಕ್ಕಿ. ನಡುವೆ ಎಲ್ಲೋ ಒಂದು ಶಿಖರವಿದೆ. G = 0.25 ಇಟ್ಟರೆ S = 0.152. G = 0.5ಕ್ಕೆ 0.184. G = 1ಕ್ಕೆ 0.135ಕ್ಕೆ ಇಳಿದುಬಿಡುತ್ತದೆ. ಕಲನಶಾಸ್ತ್ರ ಬಲ್ಲವರು S ಬದಲಾಗುವ ದರವನ್ನು ತೆಗೆದರೆ e^(−2G) × (1 − 2G) ಸಿಗುತ್ತದೆ. ಅದು ಸೊನ್ನೆಯಾಗುವುದು G = 1/2 ಆದಾಗ, ಆಗ S = 1/(2e). ಅಂದರೆ ಏನೇ ಮಾಡಿದರೂ ಚಾನೆಲ್‌ನ ಶೇ. 18.4ಕ್ಕಿಂತ ಹೆಚ್ಚು ಸದ್ಬಳಕೆಯಾಗುವುದಿಲ್ಲ.

1972ರಲ್ಲಿ ಲ್ಯಾರಿ ರಾಬರ್ಟ್ಸ್ ಒಂದು ಟಿಪ್ಪಣಿ ಬರೆದರು. ಅಮೆರಿಕದ ಅರ್ಪಾನೆಟ್ ಜಾಲವನ್ನು ರೂಪಿಸಿದವರು ಇವರೇ. ಕಾಲವನ್ನು ಒಂದು ಪ್ಯಾಕೆಟ್ ಹಿಡಿಸುವಷ್ಟು ಉದ್ದದ ತುಂಡುಗಳಾಗಿ, ಅಂದರೆ ಸ್ಲಾಟ್‌ಗಳಾಗಿ ಕತ್ತರಿಸಿ ಎಂದರು. ಯಾರೇ ಆಗಲಿ ಸ್ಲಾಟ್ ಶುರುವಾಗುವ ಕ್ಷಣಕ್ಕೆ ಮಾತ್ರ ಹೊರಡಬೇಕು. ಯಾವ ಸ್ಲಾಟ್ ಯಾರಿಗೆ ಎಂಬ ಹಂಚಿಕೆ ಈಗಲೂ ಇಲ್ಲ. ಬಂದದ್ದು ಈ ಒಂದು ಶಿಸ್ತು ಮಾತ್ರ.

ಹಳೆಯ ಉದಾಹರಣೆಗೇ ಮರಳೋಣ. ಸ್ಲಾಟ್‌ಗಳು 927, 1000, 1073ಕ್ಕೆ ಶುರುವಾಗುತ್ತವೆ, ನನ್ನ ಪ್ಯಾಕೆಟ್ 1000ದ ಸ್ಲಾಟ್‌ನಲ್ಲಿದೆ. 930ರಲ್ಲಿ ಯಾರಿಗೋ ಕಳಿಸಬೇಕೆನಿಸಿತು. ಅವರು 1000ದವರೆಗೆ ಕಾಯುತ್ತಾರೆ, ನನ್ನೊಂದಿಗೇ ಹೊರಡುತ್ತಾರೆ, ಡಿಕ್ಕಿಯಾಗುತ್ತದೆ. 1003ರಲ್ಲಿ ಇನ್ನೊಬ್ಬರಿಗೆ ಕಳಿಸಬೇಕೆನಿಸಿತು. ಮೊದಲಾಗಿದ್ದರೆ ಅವರು ನನ್ನ ಪ್ಯಾಕೆಟ್ ಮೇಲೆ ಬೀಳುತ್ತಿದ್ದರು. ಈಗ 1073ರವರೆಗೆ ಕಾಯುತ್ತಾರೆ, ನಾನು ಬಚಾವ್. ನನ್ನನ್ನು ಕೆಡಿಸಬಲ್ಲವರು 927ರಿಂದ 1000ದೊಳಗೆ ಸಿದ್ಧರಾದವರು ಮಾತ್ರ. 146 ಮಿಲಿಸೆಕೆಂಡಿನ ಅಪಾಯದ ಕಾಲ 73ಕ್ಕೆ ಇಳಿಯಿತು. ಸ್ಲಾಟ್‌ನಿಂದ ಡಿಕ್ಕಿ ಇಲ್ಲವಾಗುವುದಿಲ್ಲ, ಅರೆಬರೆ ಡಿಕ್ಕಿ ಇಲ್ಲವಾಗುತ್ತದೆ. ಮೂರು ಮಿಲಿಸೆಕೆಂಡ್ ತಾಗಿ ಎರಡು ಪ್ಯಾಕೆಟ್‌ಗಳ 143 ಮಿಲಿಸೆಕೆಂಡನ್ನು ಮಣ್ಣುಪಾಲು ಮಾಡುವ ನಷ್ಟ ಇನ್ನಿಲ್ಲ. ಡಿಕ್ಕಿಯಾದರೆ ಪೂರ್ತಿ ಒಂದರ ಮೇಲೊಂದು, ಇಲ್ಲವಾದರೆ ತಾಗುವುದೇ ಇಲ್ಲ.

ಹಾಗಾಗಿ ಸೂತ್ರದಲ್ಲಿ 2G ಇದ್ದಲ್ಲಿ G ಬರುತ್ತದೆ:

S = G × e^(−G)

ಶಿಖರ ಈಗ G = 1ರಲ್ಲಿ, S = 1/e, ಅಂದರೆ ಶೇ. 36.8. ಸರಿಯಾಗಿ ಎರಡು ಪಟ್ಟು. ಹೀಗಾಗುವುದು ಕಾಕತಾಳೀಯವಲ್ಲ. ಒಂದು ಯತ್ನ ಗೆಲ್ಲುವ ಸಂಭವವನ್ನು ಎರಡೂ ಶಿಖರಗಳಲ್ಲಿ ಹೋಲಿಸಿ ನೋಡಿ. ಶುದ್ಧ ಅಲೋಹಾದಲ್ಲಿ e^(−2×0.5), ಸ್ಲಾಟ್ ಇದ್ದಾಗ e^(−1). ಎರಡೂ ಒಂದೇ. ಎರಡರಲ್ಲೂ ಪ್ಯಾಕೆಟ್ ತಲುಪಲು ಸರಾಸರಿ 2.7 ಯತ್ನ ಬೇಕು. ಅಪಾಯದ ಕಾಲ ಅರ್ಧವಾದ್ದರಿಂದ ಅದೇ ಸೋಲು ಗೆಲುವಿನ ಪ್ರಮಾಣದಲ್ಲಿ ಎರಡರಷ್ಟು ಯತ್ನಗಳನ್ನು ಚಾನೆಲ್ ತಾಳಿಕೊಳ್ಳುತ್ತದೆ. ಗುಟ್ಟು ಇರುವುದು ಅಲ್ಲಿ.

ಅಲೋಹಾನೆಟ್‌ನ ಅಳತೆಗೆ ಇಳಿಸಿದರೆ, ಖಾಲಿ ಬಿಡದೆ ಜೋಡಿಸಿದರೆ ಸೆಕೆಂಡಿಗೆ 13.6 ಪ್ಯಾಕೆಟ್ ಹಿಡಿಸುತ್ತವೆ. ಅದರಲ್ಲಿ ಶೇ. 18.4 ಎಂದರೆ ಸುಮಾರು 2.5. ಒಂದು ಟರ್ಮಿನಲ್ ನಿಮಿಷಕ್ಕೊಂದು ಪ್ಯಾಕೆಟ್ ಕಳಿಸುತ್ತದೆ ಎಂದು ಹಿಡಿದರೆ 150 ಟರ್ಮಿನಲ್‌ಗಳಿಗೆ ಜಾಗವಿದೆ. ಸ್ಲಾಟ್ ಹಾಕಿದರೆ 300.

ಆದರೆ ಈ 'ಎರಡು ಪಟ್ಟು' ಶಿಖರಕ್ಕೆ ಶಿಖರವನ್ನು ಹೋಲಿಸಿದ ಮಾತು. ಪಠ್ಯಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ಮರೆಯಾಗುತ್ತದೆ. ಎರಡೂ ಚಾನೆಲ್‌ಗಳ ಮೇಲೆ ಒಂದೇ G ಹೇರಿದರೆ ಲಾಭ e^G ಪಟ್ಟು ಮಾತ್ರ. G = 0.1 ಇರುವ ನಿರಾಳ ಚಾನೆಲ್‌ನಲ್ಲಿ ಶುದ್ಧ ಅಲೋಹಾ 0.082 ಕೊಟ್ಟರೆ ಸ್ಲಾಟ್ 0.090 ಕೊಡುತ್ತದೆ. ಇಷ್ಟಕ್ಕಾಗಿ ಪ್ರತಿ ಪ್ಯಾಕೆಟ್ ಸರಾಸರಿ ಅರ್ಧ ಸ್ಲಾಟ್ ಕಾಯಬೇಕು, ಎಲ್ಲರ ಗಡಿಯಾರಗಳೂ ಹೊಂದಿಕೊಳ್ಳಬೇಕು. ವಿರಳವಾಗಿ ಮಾತಾಡುವ ಸೆನ್ಸರ್‌ಗಳ ಜಾಲಕ್ಕೆ ಈ ಗೋಜು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಗಡಿಯಾರದ ಖರ್ಚನ್ನೂ ಲೆಕ್ಕ ಹಾಕಬಹುದು. ಸ್ಲಾಟ್ ಶುರುವಾಯಿತು ಎಂಬ ಸಂಕೇತವನ್ನು ಕೇಂದ್ರವೇ ಬಿತ್ತರಿಸುತ್ತದೆ ಎಂದಿಟ್ಟುಕೊಳ್ಳಿ. ರೇಡಿಯೋ ಅಲೆ ಒಂದು ಮಿಲಿಸೆಕೆಂಡಿನಲ್ಲಿ 300 ಕಿಲೋಮೀಟರ್ ಸಾಗುತ್ತದೆ. ಅಷ್ಟು ದೂರದ ಟರ್ಮಿನಲ್‌ಗೆ ಸಂಕೇತ ತಲುಪಲು ಒಂದು ಮಿಲಿಸೆಕೆಂಡ್, ಅದರ ಪ್ಯಾಕೆಟ್ ಬರಲು ಇನ್ನೊಂದು. ಈ ಎರಡು ಮಿಲಿಸೆಕೆಂಡನ್ನು ಪ್ರತಿ ಸ್ಲಾಟ್‌ನ ಕೊನೆಗೆ ಖಾಲಿ ಬಿಡದಿದ್ದರೆ ದೂರದವರ ಬಾಲ ಮುಂದಿನ ಸ್ಲಾಟ್‌ಗೆ ಚಾಚಿಕೊಂಡು ಅರೆಬರೆ ಡಿಕ್ಕಿ ವಾಪಸ್ ಬರುತ್ತದೆ. 73ರ ಪ್ಯಾಕೆಟ್‌ಗೆ 75ರ ಸ್ಲಾಟ್ ಇಟ್ಟರೆ ಶೇ. 36.8 ಇದ್ದದ್ದು 35.8 ಆಗುತ್ತದೆ, ಚಿಂತೆಯಿಲ್ಲ. ಪ್ಯಾಕೆಟ್ ಐದೇ ಮಿಲಿಸೆಕೆಂಡಿನದಾಗಿದ್ದರೆ ಸ್ಲಾಟ್ ಏಳಾಗಿ ಶೇ. 26ಕ್ಕೆ ಕುಸಿಯುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಶಿಖರದ ಆಚೆ ಬದಿಯಲ್ಲಿದೆ. G ಒಂದನ್ನು ದಾಟಿತೆಂದರೆ ಡಿಕ್ಕಿ ಹೆಚ್ಚುತ್ತದೆ, ಡಿಕ್ಕಿಯಾದವರು ಮತ್ತೆ ಕಳಿಸುತ್ತಾರೆ, G ಇನ್ನೂ ಏರುತ್ತದೆ. ತಲುಪಿದ ಪ್ಯಾಕೆಟ್‌ಗಳನ್ನಷ್ಟೇ ಎಣಿಸುತ್ತಾ ಕೂತರೆ ಇದು ಗೊತ್ತೇ ಆಗುವುದಿಲ್ಲ. G = 0.4 ಇದ್ದಾಗಲೂ S 0.27, G = 2 ಇದ್ದಾಗಲೂ S 0.27. ಮೊದಲನೆಯದು ಆರೋಗ್ಯವಂತ ಚಾನೆಲ್, ಎರಡನೆಯದು ಮುಳುಗುತ್ತಿರುವುದು. ಗುರುತು ಸಿಗುವುದು ಖಾಲಿ ಸ್ಲಾಟ್‌ಗಳಲ್ಲಿ. ಮೊದಲನೆಯದರಲ್ಲಿ ನೂರಕ್ಕೆ 67 ಸ್ಲಾಟ್ ಖಾಲಿ ಇರುತ್ತವೆ, ಎರಡನೆಯದರಲ್ಲಿ 14 ಕೂಡ ಇರುವುದಿಲ್ಲ. ಶಿಖರದಲ್ಲಿ ಸರಿಯಾಗಿ ನಿಂತ ಚಾನೆಲ್‌ನಲ್ಲಿ ನೂರಕ್ಕೆ 37 ಖಾಲಿ, 37 ಯಶಸ್ಸು, 26 ಡಿಕ್ಕಿ ಕಾಣಬೇಕು. ಖಾಲಿ ಕಡಿಮೆಯಾಗಿ ಡಿಕ್ಕಿ ಹೆಚ್ಚಿದರೆ, ಮತ್ತೆ ಕಳಿಸುವವರು ಇನ್ನಷ್ಟು ಉದ್ದ ಕಾಯುವಂತೆ ಮಾಡುವುದೇ ಮದ್ದು.

ಈ ಮದ್ದನ್ನು ನಮ್ಮ ಹೆದ್ದಾರಿಗಳ ಟೋಲ್ ಗೇಟಿನ ಯಂತ್ರಕ್ಕೂ ಕಲಿಸಲಾಗಿದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೆ ಬ್ಯಾಟರಿ ಇಲ್ಲ, ಸ್ವಂತ ಗಡಿಯಾರ ಹೊಂದಿಸಿಕೊಳ್ಳುವ ಶಕ್ತಿಯಿಲ್ಲ, ಪಕ್ಕದ ಟ್ಯಾಗ್ ಮಾತಾಡುತ್ತಿದೆಯೇ ಎಂದು ಕೇಳಿಸಿಕೊಳ್ಳಲೂ ಬಾರದು. ಅದಕ್ಕೇ ರೀಡರೇ ಸ್ಲಾಟ್‌ಗಳನ್ನು ಕೂಗಿ ಹೇಳುತ್ತದೆ. ಮೊದಲು Q ಎಂಬ ಸಂಖ್ಯೆಯನ್ನು ಬಿತ್ತರಿಸುತ್ತದೆ. Q ಮೂರಾದರೆ ಎಂಟು ಸ್ಲಾಟ್, ನಾಲ್ಕಾದರೆ ಹದಿನಾರು. ಪ್ರತಿ ಟ್ಯಾಗ್ ಅವುಗಳಲ್ಲಿ ಒಂದನ್ನು ಮನಬಂದಂತೆ ಆರಿಸಿಕೊಂಡು, ತನ್ನ ಸರದಿ ಬಂದಾಗ 16 ಬಿಟ್‌ಗಳ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಉಸುರುತ್ತದೆ. ಅದು ಸ್ಪಷ್ಟವಾಗಿ ಕೇಳಿಸಿದರೆ ಮಾತ್ರ ರೀಡರ್ ಆ ಟ್ಯಾಗ್‌ನ ಪೂರ್ತಿ ಗುರುತು ಕೇಳುತ್ತದೆ. ಹಾಗಾಗಿ ಡಿಕ್ಕಿಯಾದರೂ ಕಳೆದುಕೊಳ್ಳುವುದು ಆ ಪುಟ್ಟ ಸಂಖ್ಯೆಯನ್ನಷ್ಟೇ. ಯಾರೂ ಉತ್ತರಿಸದ ಸ್ಲಾಟನ್ನು ರೀಡರ್ ಬೇಗನೆ ಮುಗಿಸಿ ಮುಂದಕ್ಕೆ ಹೋಗುತ್ತದೆ. ಖಾಲಿ ಸ್ಲಾಟ್ ಅಗ್ಗವಾಗಿರುವುದರಿಂದ ಇಲ್ಲಿ G ಒಂದಕ್ಕಿಂತ ಸ್ವಲ್ಪ ಕೆಳಗಿದ್ದರೇ ಒಳ್ಳೆಯದು. ಡಿಕ್ಕಿಗಳು ಹೆಚ್ಚಾಗಿ ಕಂಡರೆ ರೀಡರ್ Qವನ್ನು ಏರಿಸುತ್ತದೆ, ಖಾಲಿಗಳು ಹೆಚ್ಚಾದರೆ ಇಳಿಸುತ್ತದೆ.