ಪದಪುಂಜ ಮತ್ತು ಉಪವಾಕ್ಯ: ಗುರುತಿಸುವ ಬಗೆ

'ಊರಿನ ಹೊರಗಿನ ದೊಡ್ಡ ಕೆರೆಯ ಏರಿಯ ಮೇಲೆ' ಎಂಬಲ್ಲಿ ಆರು ಪದಗಳಿವೆ. 'ಮಳೆ ಬಂದರೆ' ಎಂಬಲ್ಲಿ ಎರಡೇ ಪದಗಳಿವೆ. ಇವುಗಳಲ್ಲಿ ಉಪವಾಕ್ಯ ಯಾವುದೆಂದು ಕೇಳಿದರೆ, ವ್ಯಾಕರಣವನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ಮೊದಲನೆಯದರತ್ತ ಬೆರಳು ತೋರುವರು. ಉದ್ದವಾದುದು ವಾಕ್ಯಕ್ಕೆ ಹತ್ತಿರವೆಂಬ ಭಾವನೆ ಅವರದು. ಆದರೆ ಮೊದಲನೆಯದು ಕೇವಲ ಪದಪುಂಜ, ಎರಡನೆಯದೇ ಉಪವಾಕ್ಯ. ಪದಗಳ ಸಂಖ್ಯೆಗೂ ಈ ಭೇದಕ್ಕೂ ಸಂಬಂಧವಿಲ್ಲ. ಒಂದು ಕ್ರಿಯೆಯೂ ಅದನ್ನು ನಡೆಸುವ ಕರ್ತೃವೂ ಕೂಡಿದ್ದರೆ ಅದು ಉಪವಾಕ್ಯ. ಹಾಗೆ ಕೂಡಿಲ್ಲದೆ, ಅರ್ಥದಿಂದ ಮಾತ್ರ ಒಂದಾಗಿ ನಿಂತ ಪದಗಳ ಗುಂಪು ಪದಪುಂಜ.

ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದುಂಟು. ಸಂದೇಹವಿರುವ ಭಾಗದ ಕೊನೆಯ ಕ್ರಿಯಾರೂಪವನ್ನು ಮಾತ್ರ ಬದಲಿಸಿ, ಅದನ್ನು ಪೂರ್ಣ ವಾಕ್ಯವಾಗಿಸಲು ಯತ್ನಿಸಬೇಕು. 'ಮಳೆ ಬಂದರೆ' ಎಂಬುದನ್ನು 'ಮಳೆ ಬಂದಿತು' ಎಂದು ಮಾಡಬಹುದು. ಹೊರಗಿನಿಂದ ಯಾವ ಪದವನ್ನೂ ತರಬೇಕಾಗಲಿಲ್ಲ; ಆದುದರಿಂದ ಅದು ಉಪವಾಕ್ಯ. 'ಕೆರೆಯ ಏರಿಯ ಮೇಲೆ' ಎಂಬುದರಲ್ಲಿ ಬದಲಿಸಲು ಕ್ರಿಯಾರೂಪವೇ ಇಲ್ಲ. ಅದು ವಾಕ್ಯವಾಗಬೇಕಾದರೆ 'ಮಕ್ಕಳು ಆಡಿದರು' ಎಂಬಂತಹ ಪದಗಳನ್ನು ಹೊರಗಿನಿಂದ ಸೇರಿಸಲೇಬೇಕು. ಆದುದರಿಂದ ಅದು ಪದಪುಂಜ.

ಉಪವಾಕ್ಯಗಳಲ್ಲಿ ಸ್ವತಂತ್ರವೆಂದೂ ಅಧೀನವೆಂದೂ ಎರಡು ಬಗೆ. 'ಮಳೆ ಬಂದಿತು, ಕೆರೆ ತುಂಬಿತು' ಎಂಬಲ್ಲಿ ಎರಡೂ ಸ್ವತಂತ್ರ. ಯಾವುದನ್ನು ಪ್ರತ್ಯೇಕಿಸಿ ಹೇಳಿದರೂ ಕೇಳುವವನಿಗೆ ಅರ್ಥವು ಮುಗಿದಂತೆ ತೋರುತ್ತದೆ. 'ಮಳೆ ಬಂದರೆ ಕೆರೆ ತುಂಬುತ್ತದೆ' ಎಂಬಲ್ಲಿ 'ಮಳೆ ಬಂದರೆ' ಎಂದಷ್ಟೇ ಹೇಳಿ ನಿಲ್ಲಿಸಿದರೆ, ಕೇಳುವವನು 'ಬಂದರೆ ಏನು?' ಎಂದು ಎದುರುನೋಡುತ್ತಾನೆ. ಈ ಅಪೇಕ್ಷೆಯನ್ನು ಉಳಿಸುವುದರಿಂದಲೇ ಇಂತಹ ರೂಪಕ್ಕೆ ಸಾಪೇಕ್ಷ ಕ್ರಿಯೆಯೆಂಬ ಹೆಸರು. ಸಾಪೇಕ್ಷ ಕ್ರಿಯೆಯಿಂದ ಮುಗಿಯುವ ಉಪವಾಕ್ಯವು ಅಧೀನ. ಪೂರ್ಣ ಕ್ರಿಯಾಪದದಿಂದ ಮುಗಿಯುವುದು ಸಾಮಾನ್ಯವಾಗಿ ಸ್ವತಂತ್ರ.

ಇಂಗ್ಲಿಷ್ ವ್ಯಾಕರಣವನ್ನು ಜೊತೆಯಲ್ಲಿಯೇ ಕಲಿಯುವ ವಿದ್ಯಾರ್ಥಿಯು ಇಲ್ಲಿ ದಾರಿ ತಪ್ಪುವುದುಂಟು. ಇಂಗ್ಲಿಷಿನಲ್ಲಿ 'ವೆನ್', 'ಬಿಕಾಸ್', 'ಇಫ್' ಮೊದಲಾದ ಪದಗಳು ಅಧೀನ ಉಪವಾಕ್ಯದ ತಲೆಯಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಕ್ರಿಯೆಯ ಬಾಲವೇ ಮಾಡುತ್ತದೆ: ಬಂದಾಗ, ಬಂದುದರಿಂದ, ಬಂದರೆ, ಬಂದರೂ. ಆದುದರಿಂದ ಕನ್ನಡ ವಾಕ್ಯವನ್ನು ಬಿಡಿಸುವವನು ಪ್ರತಿ ಭಾಗದ ಮೊದಲನ್ನಲ್ಲ, ಕೊನೆಯನ್ನು ನೋಡಬೇಕು.

ಕೊನೆಯ ರೂಪವೊಂದನ್ನೇ ನೋಡಿದರೆ ಸಾಲದ ಸಂದರ್ಭಗಳೂ ಇವೆ. 'ಹುಡುಗನು ಮನೆಗೆ ಬಂದು ಊಟ ಮಾಡಿದನು', 'ಮಳೆ ಬಂದು ಕೆರೆ ತುಂಬಿತು' ಎಂಬ ಎರಡರಲ್ಲಿಯೂ 'ಬಂದು' ಎಂಬ ಒಂದೇ ರೂಪವಿದೆ. ಮೊದಲನೆಯದರಲ್ಲಿ ಬಂದವನೂ ಊಟ ಮಾಡಿದವನೂ ಒಬ್ಬನೇ. 'ಮನೆಗೆ ಬಂದು' ಎಂಬುದಕ್ಕೆ ತನ್ನದೇ ಆದ ಕರ್ತೃವಿಲ್ಲದುದರಿಂದ, ಶಾಲಾ ವ್ಯಾಕರಣದ ರೀತಿಯಲ್ಲಿ ಅದನ್ನು ಪದಪುಂಜವಾಗಿಯೂ, ಇಡೀ ವಾಕ್ಯವನ್ನು ಸಾಮಾನ್ಯ ವಾಕ್ಯವಾಗಿಯೂ ಎಣಿಸಬಹುದು. ಎರಡನೆಯದರಲ್ಲಿ ಬಂದುದು ಮಳೆ, ತುಂಬಿದುದು ಕೆರೆ. ಇಲ್ಲಿ 'ಮಳೆ ಬಂದು' ಎಂಬುದು ಅಧೀನ ಉಪವಾಕ್ಯ. ಭಾಷಾವಿಜ್ಞಾನಿಗಳು ಮೊದಲನೆಯದರಲ್ಲಿಯೂ ಅಡಗಿದ ಕರ್ತೃವನ್ನು ಕಲ್ಪಿಸಿ ಅದನ್ನೂ ಉಪವಾಕ್ಯವೆಂದು ಕರೆಯುವುದುಂಟು. ಆರಂಭದ ತರಗತಿಗೆ ಕರ್ತೃವು ಕಣ್ಣಿಗೆ ಕಾಣಬೇಕೆಂಬ ನಿಯಮವೇ ಅನುಕೂಲ. ಪೂರ್ಣ ಕ್ರಿಯಾಪದಕ್ಕೆ ಮಾತ್ರ ಈ ನಿರ್ಬಂಧವಿಲ್ಲ. 'ಬಂದೆನು', 'ಬಂದರು' ಎಂಬಲ್ಲಿ ಪ್ರತ್ಯಯವೇ ಕರ್ತೃವನ್ನು ಸೂಚಿಸುತ್ತದೆ.

'ಕೆರೆ ತುಂಬಿತು ಎಂದು ಜನರು ಹೇಳಿದರು' ಎಂಬುದು ಇನ್ನೊಂದು ತೊಡಕು. 'ತುಂಬಿತು' ಪೂರ್ಣ ಕ್ರಿಯಾಪದವಾದರೂ, ಅದರ ಮೇಲೆ ಬಂದ 'ಎಂದು' ಎಂಬುದು ಆ ಭಾಗವನ್ನು 'ಹೇಳಿದರು' ಎಂಬುದಕ್ಕೆ ಕಟ್ಟಿಹಾಕಿದೆ. ಆದುದರಿಂದ 'ಕೆರೆ ತುಂಬಿತು ಎಂದು' ಎಂಬುದು ಅಧೀನವೇ. ಇದಕ್ಕೆ ವಿರುದ್ಧವಾಗಿ, 'ಈತನು ಬಡಗಿ' ಎಂಬಲ್ಲಿ ಕ್ರಿಯಾಪದವೇ ಇಲ್ಲ. ಆದರೂ 'ಆಗಿದ್ದಾನೆ' ಎಂಬ ಅರ್ಥವು ತಾನಾಗಿ ಹೊಳೆಯುವುದರಿಂದ ಅದು ಸ್ವತಂತ್ರ.

ಈಗ ಒಂದು ದೀರ್ಘ ವಾಕ್ಯವನ್ನು ಬಿಡಿಸಿ ನೋಡೋಣ:

'ಮುಂಗಾರು ತಡವಾದುದರಿಂದ ರೈತರು ಬಿತ್ತನೆಯನ್ನು ಮುಂದೂಡಿದರು, ಆದರೆ ಆಷಾಢದಲ್ಲಿ ಮಳೆ ಸುರಿದಾಗ ಹಿರಿಯರು ಕೂಡಿಟ್ಟ ಜೋಳದ ಬೀಜವನ್ನು ಹೊಲಕ್ಕೆ ಒಯ್ದರು.'

ಮೊದಲು ಕ್ರಿಯಾರೂಪಗಳಿಗೆ ಅಡಿಗೆರೆ ಎಳೆಯಬೇಕು. ತಡವಾದುದರಿಂದ, ಮುಂದೂಡಿದರು, ಸುರಿದಾಗ, ಕೂಡಿಟ್ಟ, ಒಯ್ದರು ಎಂಬ ಐದು ದೊರೆಯುತ್ತವೆ. ಬಳಿಕ ಪ್ರತಿಯೊಂದಕ್ಕೂ 'ಯಾರು?' ಅಥವಾ 'ಯಾವುದು?' ಎಂದು ಕೇಳಬೇಕು. ತಡವಾದುದು ಮುಂಗಾರು, ಮುಂದೂಡಿದವರು ರೈತರು, ಸುರಿದುದು ಮಳೆ, ಕೂಡಿಟ್ಟವರು ಹಿರಿಯರು, ಒಯ್ದವರು ಮತ್ತೆ ರೈತರೇ. ಐದಕ್ಕೂ ಕರ್ತೃ ದೊರೆತುದರಿಂದ ಉಪವಾಕ್ಯಗಳು ಐದು. ಇನ್ನು ಕೊನೆಯ ರೂಪಗಳನ್ನು ನೋಡಿದರೆ, 'ಮುಂದೂಡಿದರು', 'ಒಯ್ದರು' ಎಂಬವು ಮಾತ್ರ ಪೂರ್ಣ. ಆ ಎರಡು ಸ್ವತಂತ್ರ, ಉಳಿದ ಮೂರು ಅಧೀನ. ಅಧೀನಗಳಲ್ಲಿ ಮೊದಲನೆಯದು ಕಾರಣವನ್ನೂ ಎರಡನೆಯದು ಕಾಲವನ್ನೂ ಹೇಳುತ್ತವೆ. 'ಹಿರಿಯರು ಕೂಡಿಟ್ಟ' ಎಂಬುದು ಬೀಜಕ್ಕೆ ವಿಶೇಷಣವಾಗಿದೆ. 'ಜೋಳದ ಬೀಜವನ್ನು' ಎಂಬುದು ಪದಪುಂಜ. 'ಆದರೆ' ಎಂಬುದು ಎರಡು ಸ್ವತಂತ್ರ ಭಾಗಗಳನ್ನು ಜೋಡಿಸುವ ಅವ್ಯಯ ಮಾತ್ರ. ಇಲ್ಲಿ ಅದನ್ನು ಕ್ರಿಯೆಯೆಂದು ಎಣಿಸಬಾರದು.

ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ ಸ್ವತಂತ್ರ ಹಾಗೂ ಅಧೀನ ಉಪವಾಕ್ಯಗಳನ್ನು ಗುರುತಿಸಿರಿ. ಕ್ರಿಯಾರೂಪವಿದ್ದೂ ಪದಪುಂಜವಾಗಿಯೇ ಉಳಿಯುವ ಭಾಗಗಳನ್ನು ಬೇರೆ ಬರೆಯಿರಿ.

1. ಕಮ್ಮಾರನು ಕಬ್ಬಿಣವನ್ನು ಕಾಸಿದನು. ಅವನ ಮಗನು ತಿದಿಯನ್ನು ಒತ್ತಿದನು.
2. ಹೊತ್ತು ಮುಳುಗಲು ದನಗಳು ಹಟ್ಟಿಗೆ ಮರಳಿದವು.
3. ಹೆಂಗಸರು ನೀರು ತರಲು ಬಾವಿಗೆ ಹೋದರು.
4. ಗಾಳಿಗೆ ಉರುಳಿದ ಮರವನ್ನು ಬಡಗಿಯು ಕೊಂಡನು.
5. ತೇರು ನಾಳೆ ಹೊರಡುತ್ತದೆ ಎಂಬ ಸುದ್ದಿ ಊರೆಲ್ಲ ಹರಡಿತು.
6. ವೈದ್ಯನು ಬಂದರೂ ರೋಗಿಯು ಏಳಲಿಲ್ಲ.

ಉತ್ತರಗಳು

1. ಎರಡೂ ಸ್ವತಂತ್ರ.
2. 'ಹೊತ್ತು ಮುಳುಗಲು' ಅಧೀನ. ಮುಳುಗಿದುದು ಹೊತ್ತು, ಮರಳಿದವು ದನಗಳು. 'ದನಗಳು ಹಟ್ಟಿಗೆ ಮರಳಿದವು' ಸ್ವತಂತ್ರ.
3. 'ನೀರು ತರಲು' ಪದಪುಂಜ. ರೂಪವು ಎರಡನೆಯ ವಾಕ್ಯದ 'ಮುಳುಗಲು' ಎಂಬುದರಂತೆಯೇ ಇದ್ದರೂ, ತರುವವರೂ ಹೋದವರೂ ಹೆಂಗಸರೇ. 'ನೀರು' ಇಲ್ಲಿ ಕರ್ತೃವಲ್ಲ, ಕರ್ಮ. ಉಳಿದುದು ಸ್ವತಂತ್ರ.
4. 'ಗಾಳಿಗೆ ಉರುಳಿದ' ಎಂಬುದರೊಳಗೆ ಕರ್ತೃವಿಲ್ಲ; ಉರುಳಿದುದು ಮುಂದೆ ಬರುವ ಮರ. ಆದುದರಿಂದ ಅದು ಪದಪುಂಜ. 'ಅಜ್ಜನು ನೆಟ್ಟ ಮರ' ಎಂದಿದ್ದರೆ 'ಅಜ್ಜನು ನೆಟ್ಟ' ಎಂಬುದು ಅಧೀನ ಉಪವಾಕ್ಯವಾಗುತ್ತಿತ್ತು.
5. 'ತೇರು ನಾಳೆ ಹೊರಡುತ್ತದೆ ಎಂಬ' ಎಂಬುದು ಅಧೀನ. 'ಸುದ್ದಿ ಊರೆಲ್ಲ ಹರಡಿತು' ಸ್ವತಂತ್ರ.
6. 'ವೈದ್ಯನು ಬಂದರೂ' ಅಧೀನ. 'ರೋಗಿಯು ಏಳಲಿಲ್ಲ' ಸ್ವತಂತ್ರ. 'ಏಳಲಿಲ್ಲ' ಎಂಬ ನಿಷೇಧರೂಪದಲ್ಲಿ ಕರ್ತೃಸೂಚಕ ಪ್ರತ್ಯಯವಿಲ್ಲದಿದ್ದರೂ ಅದು ವಾಕ್ಯವನ್ನು ಮುಗಿಸುತ್ತದೆ. ಅದೂ ಪೂರ್ಣ ಕ್ರಿಯೆಯೇ.

ಎರಡನೆಯ ಮತ್ತು ಮೂರನೆಯ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಬಿಡಿಸುವುದು ಮೇಲು. 'ಮುಳುಗಲು' ಮತ್ತು 'ತರಲು' ಎಂಬವುಗಳಿಗೆ ಕರ್ತೃವನ್ನು ಹುಡುಕಿ, ಒಂದು ಉಪವಾಕ್ಯ, ಇನ್ನೊಂದು ಪದಪುಂಜ ಏಕೆಂಬುದನ್ನು ತಾನೇ ಹೇಳಬಲ್ಲ ವಿದ್ಯಾರ್ಥಿಗೆ ಈ ಭೇದವು ತಿಳಿದಿದೆಯೆಂದೇ ಭಾವಿಸಬಹುದು.