ಉಪಗ್ರಹ ಚಿತ್ರದಲ್ಲಿ ಅಳತೆ: ಒಂದು ಚೌಕಕ್ಕೆ ಎಷ್ಟು ಮೀಟರ್?

2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ ಸರಕು ಹಡಗು ಸುಯೆಜ್ ಕಾಲುವೆಯಲ್ಲಿ ಓರೆಯಾಗಿ ಸಿಕ್ಕಿಬಿದ್ದು, ಆರು ದಿನ ಆ ಜಲಮಾರ್ಗವನ್ನೇ ಮುಚ್ಚಿತು. ಅದರ ಉದ್ದ ಸುಮಾರು 400 ಮೀಟರ್, ಅಗಲ 59 ಮೀಟರ್. ಇಂತಹ ಹಡಗಿನ ಅಳತೆಯನ್ನು ಉಪಗ್ರಹದ ಚಿತ್ರದಿಂದಲೇ ತಿಳಿಯುವುದು ಹೇಗೆ?

ಉಪಗ್ರಹದ ಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳ ಜೋಡಣೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಬಣ್ಣದ ಚಿತ್ರದಲ್ಲಿ ಒಂದೊಂದು ಪಿಕ್ಸೆಲ್ ನೆಲದ ಮೇಲಿನ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಸಮ. ಆದುದರಿಂದ ಪಿಕ್ಸೆಲ್ ಎಣಿಸಿ ಹತ್ತರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ.

ಆದರೆ ಹಡಗು ಓರೆಯಾಗಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಕ್ಕೆ 24, ಮೇಲಿನಿಂದ ಕೆಳಕ್ಕೆ 32 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. 32ನ್ನು ಮಾತ್ರ ಎಣಿಸಿದವರಿಗೆ ಹಡಗು 320 ಮೀಟರ್ ಎಂದು ತೋರೀತು. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವನ್ನು ಇಲ್ಲಿ ಹಾಕಬೇಕು. 24ರ ವರ್ಗ 576, 32ರ ವರ್ಗ 1024, ಒಟ್ಟು 1600. ಅದರ ವರ್ಗಮೂಲ 40. ಅಂದರೆ ಉದ್ದ 400 ಮೀಟರ್.

ಅಗಲವಾದರೋ ಆರೇ ಪಿಕ್ಸೆಲ್. ಇಲ್ಲಿಯೇ ತೊಡಕು. ಹಡಗಿನ ಅಂಚು ಚೌಕದ ನಡುವೆ ಹಾದುಹೋದಾಗ, ಅರ್ಧ ಉಕ್ಕಿನ, ಅರ್ಧ ನೀರಿನ ಬೆಳಕು ಬೆರೆತು ಮಸುಕು ಬಣ್ಣ ಮೂಡುತ್ತದೆ. ಅದನ್ನು ಹಡಗಿಗೆ ಸೇರಿಸಬೇಕೋ ಬಿಡಬೇಕೋ ಎಂಬ ಸಂಶಯದಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ, ಉದ್ದದಲ್ಲಿ ನಲವತ್ತರಲ್ಲೊಂದು ಪಾಲು ಮಾತ್ರ ವ್ಯತ್ಯಾಸ. ಅಗಲದಲ್ಲಾದರೆ ಆರರಲ್ಲೊಂದು ಪಾಲು!

ಇದೇ ಲೆಕ್ಕವನ್ನು ನಮ್ಮ ತೋಟಗಳಿಗೆ ಹಚ್ಚಿ ನೋಡೋಣ. ಚಚ್ಚೌಕವಾದ ಒಂದೆಕರೆ ಅಡಿಕೆ ತೋಟದ ಒಂದು ಬದಿ ಸುಮಾರು 64 ಮೀಟರ್, ಅಂದರೆ ಆರೂವರೆ ಪಿಕ್ಸೆಲಿಗೂ ಕಡಿಮೆ. ಎಲ್ಲ ಅಂಚುಗಳಲ್ಲೂ ಅರ್ಧರ್ಧ ಪಿಕ್ಸೆಲ್ ಒಳಕ್ಕೆ ಎಣಿಸಿದರೆ ಬದಿ 54 ಮೀಟರಾಗಿ, ತೋಟ 72 ಸೆಂಟ್ಸಿಗೆ ಇಳಿಯುತ್ತದೆ. ಅಷ್ಟೇ ಹೊರಕ್ಕೆ ಎಣಿಸಿದರೆ 74 ಮೀಟರಾಗಿ, 135 ಸೆಂಟ್ಸಿಗೆ ಏರುತ್ತದೆ. ಚಿತ್ರ ಒಂದೇ, ತೋಟವೂ ಒಂದೇ. ವ್ಯತ್ಯಾಸ ಬಂದದ್ದು ಅಂಚಿನ ಮಸುಕು ಚೌಕಗಳಿಂದ.

ಮೊಬೈಲಿನಲ್ಲಿ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರೆ ಅಂಚು ಸ್ಪಷ್ಟವಾಗದು. ಪರದೆಯ ಮೇಲೆ ಚೌಕ ದೊಡ್ಡದಾಗುತ್ತದೆಯೇ ಹೊರತು, ಅದರೊಳಗಿನ ನೆಲ ಅದೇ 10 ಮೀಟರ್. ಬೇರೆಲ್ಲಿಂದಲೋ ಬಂದ ಚಿತ್ರವಾದರೆ ಅಳತೆ ಗೊತ್ತಿರುವ ವಸ್ತುವೊಂದನ್ನು ಮೊದಲು ಎಣಿಸಿ ನೋಡಬೇಕು. 105 ಮೀಟರ್ ಉದ್ದದ ಫುಟ್ಬಾಲ್ ಮೈದಾನ ಹತ್ತು-ಹನ್ನೊಂದು ಪಿಕ್ಸೆಲಿನ ಬದಲು ಇಪ್ಪತ್ತೊಂದು ಬಂದರೆ, ಆ ಚಿತ್ರದಲ್ಲಿ ಒಂದು ಪಿಕ್ಸೆಲಿಗೆ 5 ಮೀಟರ್ ಎಂದು ತಿಳಿಯಬೇಕು.

ಹತ್ತು ಸೆಂಟ್ಸಿನ ಹಿತ್ತಿಲು ಸೆಂಟಿನೆಲ್ ಚಿತ್ರದಲ್ಲಿ ಬರೇ ನಾಲ್ಕು ಚೌಕ. ಬೇಲಿಯ ತಕರಾರಿಗೆ ಆ ಚಿತ್ರ ಸಾಕ್ಷಿಯಾಗದು. ಅಲ್ಲಿ ನೆಲದ ಮೇಲೆಯೇ ಸರಪಣಿ ಹಿಡಿಯಬೇಕು.